ಮೂವತ್ತೊಂದು ವರ್ಷದ ಕ್ಷಮೆ

ನನ್ನ ಹೆಂಡತಿ ತೀರಿಕೊಂಡ ಎಂಟನೆಯ ತಿಂಗಳಲ್ಲಿ ನಮ್ಮ ಮೊಮ್ಮಗಳು ತಾನು ಮಾಡಿದ ಕುರ್ಚಿಯ ಬೆನ್ನಿನ ಮೇಲೆ ತನ್ನ ಹೆಸರನ್ನು ಕೆತ್ತಿದಳು. ಬೇರೆ ಯಾವ ಮರಗೆಲಸದವರಲ್ಲಾದರೂ ಇದು ಸುದ್ದಿಯಾಗುತ್ತಿರಲಿಲ್ಲ. ನಮ್ಮಲ್ಲಿ ಆಯಿತು.

ನಮ್ಮ ಕುರ್ಚಿ ಶೆಡ್ಡಿನಲ್ಲಿ ಹದಿನಾಲ್ಕು ಜನರಿದ್ದೇವೆ. ಎಲ್ಲರೂ ಸಮ ಪಾಲಿನವರು, ಯಜಮಾನ ಎಂಬುವನಿಲ್ಲ. ಒಂದೇ ಒಂದು ಕಟ್ಟುಪಾಡು ಉಂಟು: ಮಾಡಿದವರ ಹೆಸರು ಮಾಡಿದ ವಸ್ತುವಿನ ಮೇಲೆ ಇರಕೂಡದು. ಯಾರಾದರೂ ಹಾಕಿದರೆ ಶನಿವಾರ ಕೆಲಸ ಮುಗಿದ ಮೇಲೆ ಎಲ್ಲರೂ ಸುತ್ತ ನಿಲ್ಲುತ್ತೇವೆ. ಶೆಡ್ಡಿನ ಹಿರಿಯ ಮರ ಉಜ್ಜುವ ಉಪ್ಪುಕಾಗದದ ತುಂಡೊಂದನ್ನು ಅವರ ಕೈಗೆ ಕೊಡುತ್ತಾನೆ. ಅವರು ಎಲ್ಲರೆದುರು ತಮ್ಮ ಹೆಸರನ್ನು ತಾವೇ ಉಜ್ಜಿ ಅಳಿಸಬೇಕು. ಇದನ್ನು ನಾವು ಶಿಕ್ಷೆ ಎನ್ನುತ್ತಿರಲಿಲ್ಲ, ವಿನಯದ ಪಾಠ ಎನ್ನುತ್ತಿದ್ದೆವು.

ಈಗ ಆ ಹಿರಿಯ ನಾನು. ಎಪ್ಪತ್ನಾಲ್ಕು ವರ್ಷ. ಶೆಡ್ಡಿನಲ್ಲಿ ನನ್ನನ್ನು ಸಾಧು ಎಂದು ಕರೆಯುತ್ತಾರೆ. ಯಾರ ಮೇಲೂ ದನಿ ಎತ್ತಿದವನಲ್ಲ, ಯಾರಿಗೂ ಕೆಟ್ಟದ್ದು ಬಯಸಿದವನಲ್ಲ ಎಂಬ ಹೆಸರು. ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಪ್ರಾರ್ಥನೆ ಹೇಳಿಸುವವನೂ ನಾನೇ.

ಕುರ್ಚಿಯ ಮೇಲಿನ ಹೆಸರನ್ನು ಮೊದಲು ಕಂಡವನು ಅಂಟಿನ ಭಾವ. ಅಂಟು ಕಾಯಿಸುವುದು, ಸಂದುಗಳನ್ನು ಕೂಡಿಸುವುದು ಅವನ ಕೆಲಸ. ನನ್ನ ಹೆಂಡತಿಯ ತಮ್ಮ. ನಾನು ಅವನಿಗೆ ಭಾವ, ಅವನು ನನಗೆ ಭಾವಮೈದ. ಹಾಗಾಗಿ ಇಡೀ ಶೆಡ್ಡಿಗೆ ಅವನು ಭಾವನಾಗಿಬಿಟ್ಟಿದ್ದಾನೆ.

"ಭಾವ, ಸ್ವಲ್ಪ ಇಲ್ಲಿ ಬನ್ನಿ," ಎಂದ ಆ ಮಂಗಳವಾರ. "ನಿಮ್ಮ ಮೊಮ್ಮಗಳ ಪ್ರತಾಪ ನೋಡಿ."

ಬೀಟೆ ಮರದ ಕುರ್ಚಿ. ಕೈಯಿಡುವ ತೋಳುಗಳು ನೀರಿನಲ್ಲಿ ತೇಯ್ದ ಕಲ್ಲಿನ ಹಾಗೆ ನಯ. ಬೆನ್ನಿನ ಮೇಲ್ಪಟ್ಟಿಯ ನಡುವೆ, ಮರೆಮಾಚದೆ, ಅವಳ ಹೆಸರಿನ ಎರಡಕ್ಷರ.

ಮೊಮ್ಮಗಳು ಕೀಸುಳಿಯಿಂದ ಉದುರಿದ ಮರದ ಹೊಟ್ಟನ್ನು ಗುಡಿಸುತ್ತ ಅಲ್ಲೇ ಇದ್ದಳು. "ಚಿಕ್ಕಜ್ಜ, ಅಕ್ಷರ ಚೆನ್ನಾಗಿ ಬಂದಿದೆಯಾ?" ಎಂದು ಕೇಳಿದಳು.

"ಅಕ್ಷರಕ್ಕೇನಮ್ಮ, ಮುತ್ತು ಪೋಣಿಸಿದ ಹಾಗಿದೆ. ಅದೇ ಕಷ್ಟ ಆಗಿರೋದು."

"ಶನಿವಾರ ಅಳಿಸಿಬಿಡು ಪುಟ್ಟಿ," ಎಂದೆ ನಾನು. "ಎರಡು ನಿಮಿಷದ ಕೆಲಸ."

"ಅಳಿಸಲ್ಲ ಅಜ್ಜ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬರುವ ಹಾಗಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದಳು. ಆಮೇಲೆ ಪೊರಕೆ ಮೂಲೆಗಿಟ್ಟು, "ಅಳಿಸಲೇಬೇಕು ಅಂದ್ರೆ ಸೇತುವೆ ಆಚೆ ಅಂಗಡಿಯವರು ಕರೀತಿದಾರೆ. ಹೋಗ್ತೀನಿ. ಮೇಲ್ಗಡೆ ಒಂದು ರೂಮೂ ಕೊಡ್ತಾರಂತೆ," ಎಂದಳು.

ಅಜ್ಜಿ ಹೋದ ಮೇಲೆ ಅವಳು ಅಪ್ಪ ಅಮ್ಮನ ಮನೆ ಬಿಟ್ಟು ನನ್ನ ಜೊತೆ ಇರಲು ಬಂದಿದ್ದಳು. ಬೆಳಿಗ್ಗೆ ಅವಳು ಹಲ್ಲುಜ್ಜುವ ಸದ್ದು ಕೇಳಿದರೆ ಮಾತ್ರ ನನಗೆ ಎದ್ದು ಕೂರಬೇಕು ಅನ್ನಿಸುತ್ತಿತ್ತು. ಆ ಸದ್ದು ಇನ್ನು ಸೇತುವೆ ಆಚೆಗೆ ಹೋಗಿಬಿಡುತ್ತದೆ ಎಂದು ನನಗೆ ಭಯವಾಯಿತು.

ಸಂಜೆ ಅಡುಗೆಮನೆಯ ಮೇಜಿನೆದುರು ಕೂತು ನಾನು ನನಗೆ ಗೊತ್ತಿದ್ದ ಬುದ್ಧಿಮಾತನ್ನೆಲ್ಲ ಹೇಳಿದೆ. ಅಹಂಕಾರ ಸಣ್ಣ ಅಕ್ಷರದಲ್ಲಿ ಶುರುವಾಗುತ್ತದೆ ಎಂದೆ. ಒಳ್ಳೆಯವರು ತಮ್ಮನ್ನು ಮರೆಸಿಕೊಳ್ಳುತ್ತಾರೆ ಎಂದೆ. ಅವಳು ತಟ್ಟೆ ಒರೆಸುತ್ತ ಎಲ್ಲ ಕೇಳಿದಳು.

"ಅಜ್ಜ, ಈ ನಿಯಮ ಯಾವಾಗ ಹುಟ್ಟಿತು?"

"ಹುಟ್ಟೋದೇನು? ಮೊದಲಿಂದ ಇದೆ. ಒಳ್ಳೇದು ಯಾವಾಗಲೂ ಒಳ್ಳೇದೇ."

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದು ಅವಳು ಒಳಗಿನಿಂದ ಒಂದು ನೋಟ್‌ಬುಕ್ಕನ್ನೂ ಬಟ್ಟೆಯಲ್ಲಿ ಸುತ್ತಿದ ಒಂದು ಕುರ್ಚಿ ಕಾಲನ್ನೂ ತಂದಳು.

ರಿಪೇರಿಗೆ ಬಂದ ಹಳೆಯ ಕುರ್ಚಿಗಳನ್ನು ಬಿಚ್ಚುವುದು ಅವಳ ಪಾಲಿನ ಕೆಲಸ. ಎರಡು ವರ್ಷದಿಂದ ಅವಳು ಬಿಚ್ಚಿದ ಒಂದೊಂದು ಕುರ್ಚಿಯ ತಳ, ಬೆನ್ನು, ಸಂದು ನೋಡಿ, ಅಲ್ಲಿ ಕಂಡ ಗುರುತನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಇನ್ನೂರಕ್ಕೂ ಮಿಕ್ಕಿದ ಕುರ್ಚಿಗಳು. ನಾನು ಐವತ್ತೆರಡು ವರ್ಷ ಅದೇ ಶೆಡ್ಡಿನಲ್ಲಿದ್ದೂ ಹಾಗೆ ನೋಡಿದವನಲ್ಲ.

"ನೋಡು, ಇವು ಎಲ್ಲಕ್ಕಿಂತ ಹಳೇವು. ಇವುಗಳ ಮೇಲೆಲ್ಲ ಹೆಸರಿದೆ. ಎದುರಿಗೇ ಇದೆ. ಒಬ್ಬ ತನ್ನ ಹೆಸರಿನ ಪಕ್ಕ 'ಚೆನ್ನಾಗಿ ಬಂದಿದೆ' ಅಂತಲೂ ಕೆತ್ತಿದಾನೆ. ಇನ್ನೊಂದರ ತಳದಲ್ಲಿ ಬೇರೆಯವನ ಕೈಬರಹ: 'ಹಿಂಗಾಲು ಇವನದು, ಕಳಪೆ, ನಾನು ಬದಲಾಯಿಸಿದೆ.' ಅಷ್ಟೇ. ಬೈಗುಳ ಇಲ್ಲ, ಪಾಪ ಪುಣ್ಯದ ಮಾತಿಲ್ಲ. ಒಳ್ಳೇ ಕೆಲಸ, ಕಳಪೆ ಕೆಲಸ. ಕಳಪೆ ಮಾಡಿದವನ ಮೇಲೆ ಅವರಿಗೆ ದ್ವೇಷ ಇರಲಿಲ್ಲ ಅಜ್ಜ. ಹೆಚ್ಚೆಂದರೆ ಅಯ್ಯೋ ಪಾಪ ಅಂದ್ಕೊಂಡು ತಮ್ಮ ಕೆಲಸಕ್ಕೆ ಹೋಗ್ತಿದ್ರು."

ಪುಟ ತಿರುಗಿಸಿದಳು. ಇದ್ದಕ್ಕಿದ್ದಂತೆ ಹೆಸರುಗಳು ನಿಂತುಹೋಗಿ, ಎಲ್ಲ ಕುರ್ಚಿಗಳ ಬೆನ್ನಿನ ಮೇಲೆ ಒಂದೇ ಗುರುತು. ಅದು ನನಗೆ ಗೊತ್ತಿತ್ತು. ನನ್ನ ತಾತನ ಕಾಲದಲ್ಲಿ ಶೆಡ್ಡನ್ನು ಕೊಂಡ ಯಜಮಾನರ ಕಾದ ಕಬ್ಬಿಣದ ಮುದ್ರೆ. ಅವರು ಕುದುರೆಯ ಹಾಗೆ ನಡೆಯುತ್ತಿದ್ದರಂತೆ. ನಕ್ಕರೆ ಬೀದಿಗೆ ಕೇಳಿಸುತ್ತಿತ್ತಂತೆ. ಕೆಲಸಗಾರನೊಬ್ಬ ತಾನು ಮಾಡಿದ ಕುರ್ಚಿಗೆ ತನ್ನ ಹೆಸರು ಹಾಕಿದ್ದಕ್ಕೆ ಅವನನ್ನು ಆ ದಿನವೇ ಹೊರಗೆ ಹಾಕಿದರು. ಆಮೇಲೆ ಯಾರೂ ಹಾಕಲಿಲ್ಲ.

"ಹಾಕಲಿಲ್ಲ ಅಲ್ಲ, ಹಾಕೋ ಹಾಗಿರಲಿಲ್ಲ," ಎಂದಳು ಅವಳು. "ಎದುರು ಮಾತಾಡೋ ಹಾಗಿಲ್ಲ, ಬಿಟ್ಟು ಹೋಗೋ ಹಾಗಿಲ್ಲ, ಮನೇಲಿ ಮಕ್ಕಳು. ಸಿಟ್ಟು ಎಲ್ಲಿಗೆ ಹೋಗಬೇಕು? ಆಗಲೇ ಪ್ರಾರ್ಥನೆ ಬಂದಿದ್ದು. ಬರೆದವರು ಯಾರು?"

"ಆಗಿನ ಪ್ರಾರ್ಥನಾ ಮಂದಿರದ ಹಿರಿಯರು. ಶೆಡ್ಡಿನವರ ದುಃಖ ನೋಡಲಾರದೆ ಬರೆದುಕೊಟ್ಟರು ಅಂತ ನಮ್ಮಪ್ಪ ಹೇಳ್ತಿದ್ದರು."

"ಹೇಳು ನೋಡೋಣ."

ಹೇಳಿದೆ. ಹೆಸರನ್ನು ಬಯಸಿದವರಂತೆ ನಾವಲ್ಲ. ಬೆನ್ನ ಮೇಲೆ ಹೆಸರು ಸುಟ್ಟವರ ಹೆಸರನ್ನು, ಪ್ರಭುವೇ, ನೀನು ಬೆಂಕಿಯಲ್ಲಿ ಓದು. ಎದೆ ಸೆಟೆಸಿದವರನ್ನು ಬಾಗಿಸು. ನಕ್ಕವರನ್ನು ಅಳಿಸು. ಹೀಗೆ ಒಂಬತ್ತು ಸಾಲು, ಕೊನೆಯಲ್ಲಿ, ಈ ಕೈ ನಿನ್ನದು, ಈ ಕೆಲಸ ನಿನ್ನದು. ಐವತ್ತೆರಡು ವರ್ಷ ದಿನಾ ಹೇಳಿದ ಮಾತು. ಆ ಸಂಜೆ ಮೇಜಿನ ಮೇಲೆ ಅದನ್ನು ಹರಡಿಟ್ಟ ಹಾಗಾಯಿತು.

"ಒಂಬತ್ತು ಸಾಲಲ್ಲಿ ಏಳು ಅವರ ಬಗ್ಗೆ ಇದೆ, ಅಜ್ಜ," ಎಂದಳು ಮೆಲ್ಲಗೆ. "ನಾವು ಒಳ್ಳೆಯವರು ಅಂತ ಹೇಳೋಕೆ ಮೊದಲು ಅವರು ದುಷ್ಟರು ಅಂತ ಹೇಳಲೇಬೇಕು. ಅವರನ್ನ ತೆಗೆದುಬಿಟ್ಟರೆ ನಮ್ಮ ಒಳ್ಳೇತನಕ್ಕೆ ನಿಲ್ಲೋಕೆ ಜಾಗವೇ ಇಲ್ಲ. ಕೈಯಲ್ಲಿ ತೀರಿಸಿಕೊಳ್ಳೋಕೆ ಆಗದ ಸೇಡನ್ನ ದೇವರ ಕೈಗೆ ಕೊಟ್ಟಿದಾರೆ. ಹಾಗೆ ಕೊಟ್ಟಿದ್ದಕ್ಕೆ ಕ್ಷಮೆ ಅಂತ ಹೆಸರಿಟ್ಟಿದಾರೆ. ಹೆಸರು ಹಾಕೋಕೆ ಬಿಡದೇ ಇದ್ದದ್ದಕ್ಕೆ ವಿನಯ ಅಂತ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಅಂತೀಯಾ?"

"ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಕುಣಿಯೋದೇ ಪಾಪ, ನಾನು ಬೇಕಂತಲೇ ಕುಣಿಯಲ್ಲ ಅಂದ್ಳು. ಅಷ್ಟು ಹೇಳಿದ ಮೇಲೆ ಕಾಲು ಬರದೇ ಇದ್ದದ್ದೂ ಪುಣ್ಯ ಆಯ್ತಲ್ಲ."

ನನಗೆ ನೋವಾಯಿತು. ದೇವರ ಮುಂದೆ ಹೇಳುವ ಮಾತನ್ನು ಹೀಗೆ ಬಿಚ್ಚಬಾರದು ಎಂದೆ. ಅವಳು ಬಟ್ಟೆ ಬಿಚ್ಚಿ ಕುರ್ಚಿ ಕಾಲನ್ನು ನನ್ನ ಕೈಗಿಟ್ಟಳು. ಸಂದಿನೊಳಗೆ ಸೇರುವ ಗೂಟದ ಭಾಗವನ್ನು ಬೆಳಕಿಗೆ ಹಿಡಿದಳು. ಅಂಟು ಹಿಡಿದು ಕಪ್ಪಾದ ಮರದಲ್ಲಿ ಮೂರು ಸಣ್ಣ ಗೆರೆ, ಅಡಿಗೆ ಒಂದು ಅಡ್ಡಗೆರೆ.

ನಾನು ಆ ಗೆರೆಗಳ ಮೇಲೆ ಬೆರಳಾಡಿಸಿದೆ. ನಮ್ಮಪ್ಪ ತನ್ನ ಉಳಿಯ ಹಿಡಿಗೆ ಹಾಕಿಕೊಂಡಿದ್ದ ಗುರುತು ಅದು. ಪ್ರಾರ್ಥನೆಯನ್ನು ನನಗೆ ಕಲಿಸಿದ ಅಪ್ಪ. ಹೆಸರನ್ನು ಬಯಸುವುದು ಹೊಟ್ಟೆಯಲ್ಲಿ ಹುಳ ಸಾಕಿದ ಹಾಗೆ ಎನ್ನುತ್ತಿದ್ದ ಅಪ್ಪ.

"ಅವರ ಕಾಲದ ಕುರ್ಚಿಗಳಲ್ಲಿ ಅರ್ಧಕ್ಕೆ ಹೀಗೆ ಒಳಗಡೆ ಇದೆ," ಎಂದಳು. "ಅಂಟು ಹಾಕಿ ಮುಚ್ಚಿದ ಮೇಲೆ ಯಾರಿಗೂ ಕಾಣಲ್ಲ. ಪಾಪ, ಅವರಿಗೂ ಬೇಕಿತ್ತು ಅಜ್ಜ."

ಆಗ ಬಾಲ್ಯದ ಶನಿವಾರಗಳು ನೆನಪಾದವು. ಯಜಮಾನರ ಕಾಲದಲ್ಲಿ ಉಪ್ಪುಕಾಗದದ ಪದ್ಧತಿ ಇರಲಿಲ್ಲ, ಆತ್ಮಪರೀಕ್ಷೆ ಇತ್ತು. ಪ್ರಾರ್ಥನೆ ಬರೆದುಕೊಟ್ಟ ಆ ಹಿರಿಯರು ಹೇಳಿದ್ದರಂತೆ: ನಿಮ್ಮ ದುಃಖಕ್ಕೆ ಕಾರಣ ಹೊರಗೆ ಹುಡುಕಬೇಡಿ, ನಿಮ್ಮೊಳಗಿನ ಆಸೆಯನ್ನು ಹುಡುಕಿ. ಅದರಿಂದ ಯಜಮಾನರಿಗೂ ನೆಮ್ಮದಿ, ಶೆಡ್ಡಿಗೂ ಶಾಂತಿ. ನಮ್ಮಪ್ಪ ಶನಿವಾರ ಮನೆಗೆ ಬಂದು ಊಟ ಮಾಡದೆ ಮಲಗುತ್ತಿದ್ದ. ಕೈಲಾಗದವನು ಮೈ ಪರಚಿಕೊಂಡ ಎಂಬ ಗಾದೆಯನ್ನು ನಾನು ಎಷ್ಟೋ ಸಲ ನಗುತ್ತ ಬಳಸಿದ್ದೇನೆ. ಅವನ ಮೈಮೇಲಿನ ಪರಚು ನನಗೆ ಕಂಡಿರಲಿಲ್ಲ.

"ಯಜಮಾನರು ಶೆಡ್ಡನ್ನ ನಿಮಗೇ ಮಾರಿ ಹೋದ ಮೇಲೆ ನಿಯಮ ಯಾಕೆ ಉಳೀತು?" ಎಂದು ಅವಳು ಕೇಳಿದಳು. ಅದಕ್ಕೆ ಉತ್ತರ ಅವಳ ಪುಸ್ತಕದಲ್ಲಿರಲಿಲ್ಲ. ನನ್ನಲ್ಲಿತ್ತು. ಆ ದಿನ ಹೇಳಲಿಲ್ಲ.

ಉತ್ತರದ ಹೆಸರು ಆನೆ. ಆಳು ಅಷ್ಟು ದೊಡ್ಡವನು ಎಂದು ಹಾಗೆ ಕರೆಯುತ್ತಿದ್ದೆವು. ನನ್ನ ಓರಗೆಯವನು, ಪಕ್ಕದ ಬೆಂಚಿನಲ್ಲಿ ಕೆಲಸ. ನಾನು ಮೂರು ದಿನ ಒದ್ದಾಡಿ ಮಾಡುವ ಕುರ್ಚಿಯನ್ನು ಅವನು ಶಿಳ್ಳೆ ಹಾಕುತ್ತ ಎರಡು ದಿನದಲ್ಲಿ ಮಾಡುತ್ತಿದ್ದ. ನನ್ನದಕ್ಕಿಂತ ಚೆನ್ನಾಗಿ ಮಾಡುತ್ತಿದ್ದ. ಕೊಳ್ಳುವವರು ಬಂದರೆ ಬೇರೆಯವರ ಕುರ್ಚಿ ದಾಟಿ ಅವನದರ ಮೇಲೆ ಕೂರುತ್ತಿದ್ದರು. ಅವನು ನನ್ನನ್ನು ಒಂದು ದಿನವೂ ಹೀಯಾಳಿಸಲಿಲ್ಲ. ನನ್ನ ಕುರ್ಚಿಯ ಕಾಲು ಓರೆಯಾದರೆ, "ಇದು ಕೆಟ್ಟಿತು ಮಾರಾಯ, ತಾ ಇಲ್ಲಿ," ಎಂದು ಸರಿ ಮಾಡಿಕೊಟ್ಟು ಮರೆತುಬಿಡುತ್ತಿದ್ದ. ನಾನು ಮರೆಯುತ್ತಿರಲಿಲ್ಲ. ಅವನು ಮಾಡಿದ ಸಹಾಯವೆಲ್ಲ ನನ್ನೊಳಗೆ ಒಂದೊಂದೂ ಹುಣ್ಣಾಗಿ ಉಳಿಯಿತು.

ನಾವು ಕೆಲವರು ಅವನ ಬಗ್ಗೆ ಮಾತಾಡಿಕೊಳ್ಳುತ್ತಿದ್ದೆವು. ಉಳಿದವರ ಮನಸ್ಸಿಗೆ ನೋವಾಗದ ಹಾಗೆ ಅವನು ಸ್ವಲ್ಪ ಸಾಧಾರಣವಾಗಿ ಮಾಡಬಹುದಿತ್ತು, ಮಾಡಲಿಲ್ಲ, ಅದೇ ಅವನ ಸೊಕ್ಕು ಎನ್ನುತ್ತಿದ್ದೆವು. ನೀರು ಬೇಕಂತಲೇ ಇಳಿಜಾರಿಗೆ ಹರಿಯಿತು ಎಂದು ಬೈದ ಹಾಗೆ. ಹಾಗೆಯೇ ನಮ್ಮ ಕುರ್ಚಿಗಳು ಸಾಧಾರಣವಾದದ್ದು ನಾವು ಆಯ್ದುಕೊಂಡ ವ್ರತ ಎಂದು ನಂಬಿದೆವು. ಒಂದು ದಿನ ಅವನು ತಾನು ಮಾಡಿದ ಕುರ್ಚಿಯನ್ನು ಕಂಡು ಖುಷಿ ತಡೆಯಲಾರದೆ ಅದರ ಬೆನ್ನಿಗೆ ಹೆಸರು ಬರೆದ. ಆಗ ಯಜಮಾನರಿರಲಿಲ್ಲ, ನಾವೇ ಯಜಮಾನರು. ಆ ಹಳೆಯ ಪ್ರಾರ್ಥನೆ ತೆಗೆದು ಅವನ ಮುಂದೆ ಹಿಡಿದವನು ನಾನು. ಉಪ್ಪುಕಾಗದದ ಪಾಠ ಹುಟ್ಟಿದ್ದು ನನ್ನ ತಲೆಯಲ್ಲಿ. ಎಂದೋ ಮೇಲಿನವರ ವಿರುದ್ಧ ಮಾಡಿದ ಅಸ್ತ್ರ ನಮ್ಮೊಳಗೆ ಎತ್ತರ ಬೆಳೆದವನ ತಲೆ ತಗ್ಗಿಸಲು ಬಳಕೆಗೆ ಬಂತು. ಆಮೇಲಿನವರಿಗೆ ಅದು ಮೊದಲಿನಿಂದಲೂ ಇದ್ದ ಹಾಗೆ ಕಾಣತೊಡಗಿತು. ನನಗೂ ಹಾಗೇ ಕಾಣತೊಡಗಿತು; ಮಂಗಳವಾರ ಅವಳಿಗೆ ನಾನು ಸುಳ್ಳು ಹೇಳಲಿಲ್ಲ, ಮರೆತಿದ್ದೆ.

ಆನೆ ಉಪ್ಪುಕಾಗದವನ್ನು ನೋಡಿ ಜೋರಾಗಿ ನಕ್ಕು, ಕುರ್ಚಿಯನ್ನು ಹೆಗಲಿಗೇರಿಸಿಕೊಂಡು ಹೊರಟುಹೋದ. ಬೇರೆ ಊರಿನಲ್ಲಿ ಏಣಿ ಮಾಡುವ ಕೆಲಸ ಹಿಡಿದ. ಅದಾಗಿ ಮೂವತ್ತೊಂದು ವರ್ಷ. ಅಂದಿನಿಂದ ದಿನಾ ಬೆಳಿಗ್ಗೆ ಪ್ರಾರ್ಥನೆಯ ಕೊನೆಯಲ್ಲಿ ನಾನು ಮನಸ್ಸಿನಲ್ಲೇ ಅವನ ಸೊಕ್ಕನ್ನು ಕ್ಷಮಿಸುತ್ತ ಬಂದೆ. ನನ್ನ ಸಾಧುತನದ ಮುಖ್ಯ ಆಧಾರವೇ ಅದು.

ಹೆಂಡತಿಗೆ ಒಮ್ಮೆ ಹೇಳಿಕೊಂಡಿದ್ದೆ. ಕುರ್ಚಿಗಳಿಗೆ ಬೆತ್ತ ಹೆಣೆಯುವುದು ಅವಳ ಕೆಲಸ. ಬೆತ್ತ ನೀರಿನಲ್ಲಿ ಅದ್ದುತ್ತ, "ಅವನನ್ನ ಕ್ಷಮಿಸೋದು ಸ್ವಲ್ಪ ದಿನ ಬಿಟ್ಟು ನೋಡಿ," ಎಂದಿದ್ದಳು. "ಪಾಪ, ಅವನಿಗೂ ಸುಸ್ತಾಗಿರುತ್ತೆ." ಆಗ ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ. ಈಗ ಆ ಎರಡು ದಿನವನ್ನು ಯಾರ ಹತ್ತಿರ ವಾಪಸು ಕೇಳಲಿ?

ಆನೆ ನಾಲ್ಕು ವರ್ಷದ ಹಿಂದೆ ಊರಿಗೆ ಮರಳಿ ಬಂದಿದ್ದ. ಅವನ ಮನೆ ಇರುವ ಬೀದಿಯಲ್ಲಿ ನಾನು ಎದುರು ಬದಿಯಲ್ಲೇ ನಡೆಯುತ್ತಿದ್ದೆ. ಶುಕ್ರವಾರ ಮಧ್ಯಾಹ್ನ ಈ ಬದಿಗೆ ದಾಟಿದೆ.

ಅವನು ಬಾಗಿಲಲ್ಲೇ ಕೂತು ಏಣಿಯ ಮೆಟ್ಟಿಲೊಂದನ್ನು ಕೆತ್ತುತ್ತಿದ್ದ. ಮೊಣಕಾಲು ಊದಿತ್ತು, ನಗು ಮಾತ್ರ ಹಾಗೇ ಇತ್ತು.

"ಓಹೋ, ಸಾಧು! ಬಾ ಬಾ. ಹೆಂಡತಿ ಹೋದಳಂತಲ್ಲೋ. ಬರಬೇಕು ಅಂದ್ಕೊಂಡೆ, ಈ ಕಾಲು ಬಿಡಲಿಲ್ಲ. ಅವಳ ಹಾಗೆ ಬೆತ್ತ ಹೆಣೆಯೋರು ಇನ್ನು ಹುಟ್ಟಲ್ಲ ಬಿಡು."

ಕೂತೆ. ನೀರು ಕೊಟ್ಟ. ಆಮೇಲೆ ಹೇಗೋ ಶುರುಮಾಡಿದೆ. "ಆ ಶನಿವಾರ ನಾನು ನಿನಗೆ ಮಾಡಿದ್ದು..."

"ಯಾವ ಶನಿವಾರ?"

"ಉಪ್ಪುಕಾಗದ ಕೊಟ್ಟದ್ದು. ಹೆಸರು ಅಳಿಸು ಅಂದದ್ದು."

ಅವನು ಹುಬ್ಬು ಗಂಟಿಕ್ಕಿ ಬಹಳ ಪ್ರಯತ್ನಪಟ್ಟ. "ಹೌದಾ? ನಾನು ಬಿಟ್ಟು ಹೋದದ್ದು ಏಣಿ ಮಾಡೋ ಆಸೆಗೆ ಅಂತ ಅಂದ್ಕೊಂಡಿದ್ದೆನಲ್ಲೋ. ಅಲ್ಲ, ಅವತ್ತು ಏನೋ ಒಂದು ಗಲಾಟೆ ಆಯ್ತು. ನೀನಾ ಕೊಟ್ಟದ್ದು?"

"ನಾನೇ. ನನ್ನ ಕೈಲಿ ನಿನ್ನ ಹಾಗೆ ಮಾಡೋಕೆ ಆಗ್ತಿರಲಿಲ್ಲ. ಅದಕ್ಕೆ."

"ಅದು ಗೊತ್ತಿತ್ತು ಬಿಡು," ಎಂದ. "ನಿನ್ನ ಹಿಂಗಾಲು ಯಾವತ್ತೂ ಓರೆ."

"ಅವತ್ತಿಂದ ದಿನಾ ನಿನ್ನನ್ನ ಕ್ಷಮಿಸ್ತಾ ಬಂದೆ."

ಅವನು ಉಳಿ ಕೆಳಗಿಟ್ಟು ನನ್ನನ್ನೇ ನೋಡಿದ. ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಕಣ್ಣಲ್ಲಿ ನೀರು ಬಂತು. "ಮೂವತ್ತು ವರ್ಷ! ನಾನಲ್ಲಿ ಆರಾಮಾಗಿ ಏಣಿ ಮಾಡ್ಕೊಂಡಿದೀನಿ, ನೀನಿಲ್ಲಿ ನನ್ನನ್ನ ಹೊತ್ಕೊಂಡು ಓಡಾಡಿದೀಯ. ಕುತ್ತಿಗೆ ನೋಯಲಿಲ್ವೇನೋ? ನಾನು ಕಮ್ಮಿ ತೂಕದವನಲ್ಲ."

ನಾನೂ ನಕ್ಕೆ. ಹೆಂಡತಿ ಹೋದ ಮೇಲೆ ಮೊದಲ ಸಲ. ನನ್ನನ್ನು ಕ್ಷಮಿಸು ಎಂದು ಕೇಳಲು ಹೋದವನು ಕೇಳದೆ ಎದ್ದು ಬಂದೆ. ಅವನ ಹತ್ತಿರ ಕ್ಷಮಿಸುವುದಕ್ಕೆ ಏನೂ ಉಳಿದಿರಲಿಲ್ಲ. ನುಂಗಿದ್ದೆಲ್ಲ ಅವನಿಗೆ ಎಂದೋ ಜೀರ್ಣವಾಗಿಹೋಗಿತ್ತು.

ಮನೆಗೆ ಬಂದು ಎಲ್ಲವನ್ನೂ ಮೊಮ್ಮಗಳಿಗೆ ಹೇಳಿದೆ. ಅವಳು ನನ್ನ ಪಕ್ಕಕ್ಕೆ ಬಂದು ತೋಳು ಹಿಡಿದುಕೊಂಡು ಕೂತಳು.

"ಹಾಗಾದರೆ ನನ್ನ ಇಷ್ಟು ವರ್ಷದ ಭಕ್ತಿಯೆಲ್ಲ ಹೊಟ್ಟೆಕಿಚ್ಚಾ ಪುಟ್ಟಿ?"

"ಹಾಗೆ ಹೇಳೋಕೆ ಬರಲ್ಲ ಅಜ್ಜ. ಹುಟ್ಟಿದ ಜಾಗ ಗೊತ್ತಾದ ಮಾತ್ರಕ್ಕೆ ತೀರ್ಪು ಆಗಲ್ಲ. ಮೊದಲು ಯಾತಕ್ಕೋ ಬಂದದ್ದು ಆಮೇಲೆ ಇನ್ಯಾತಕ್ಕೋ ಆಗುತ್ತೆ. ನೀನೇ ಹೇಳಿದೆಯಲ್ಲ, ಮೇಲಿನವರಿಗೆ ಮಾಡಿದ್ದು ಆನೆಯಜ್ಜನ ಮೇಲೆ ಬಂತು ಅಂತ. ಹುಟ್ಟು ತಿಳಿದರೆ ಒಂದೇ ಲಾಭ. ಇದು ಆಕಾಶದಿಂದ ಬಿದ್ದದ್ದು, ಕೇಳೋ ಹಾಗಿಲ್ಲ ಅನ್ನೋ ಹೆದರಿಕೆ ಹೋಗುತ್ತೆ. ಆಮೇಲೆ ಇದರಿಂದ ನಾವು ಬೆಳೀತೀವೋ, ಕುಗ್ತೀವೋ ಅಂತ ಕೇಳಬಹುದು."

"ನಿಮ್ಮಜ್ಜಿಯೂ ಹೆಸರು ಹಾಕಲಿಲ್ಲ. ಅವಳಿಗೆ ಯಾರ ಮೇಲೆ ಸಿಟ್ಟಿತ್ತು?"

"ಕೇಳಿದ್ದೆ ಅಜ್ಜಿನ. 'ನಿಯಮನಾ? ನನಗೆ ಹೊಳೀಲೇ ಇಲ್ಲ ಕಣೆ, ಮುಂದಿನ ಕುರ್ಚಿ ಕಾಯ್ತಿತ್ತು' ಅಂದ್ಲು."

ಹೊರಗಿನಿಂದ ನೋಡಿದವರಿಗೆ ನಾನೂ ನನ್ನ ಹೆಂಡತಿಯೂ ಒಂದೇ ವಿನಯದವರು. ಅವಳದು ತುಂಬಿ ಬಂದದ್ದು, ನನ್ನದು ಬರಿದಾಗಿ ಬಂದದ್ದು. ದೇವರೇ, ಒಂದೇ ಹಾಸಿಗೆಯಲ್ಲಿ ನಲವತ್ತೆಂಟು ವರ್ಷ ಮಲಗಿದ್ದೂ ನನಗೆ ಇದು ತಿಳಿಯಲಿಲ್ಲ.

"ನಿನ್ನದೂ ಒಂದು ಕೇಳ್ತೀನಿ," ಎಂದೆ. "ನೀನು ಹೆಸರು ಕೆತ್ತಿದ್ದು ಕುರ್ಚಿ ಕಂಡು ಖುಷಿಯಾಗಿಯಾ, ನಮ್ಮ ಮೇಲಿನ ಹಠಕ್ಕಾ? ನಮಗೆ ಉರಿಯಲಿ ಅಂತ ಕೆತ್ತಿದ್ದರೆ ನೀನೂ ನನ್ನ ಹಾದೀಲೇ ಇದೀಯ, ತಲೆಕೆಳಗಾಗಿ ಅಷ್ಟೆ."

ಅವಳು ಬೆರಳು ಮಡಚಿ ಲೆಕ್ಕ ಹಾಕತೊಡಗಿದಳು. ಅದು ನನಗೆ ಹಿಡಿಸಿತು. "ಮುಕ್ಕಾಲು ಖುಷಿ," ಎಂದಳು ಕೊನೆಗೆ. "ಕಾಲು ಭಾಗ ಚಿಕ್ಕಜ್ಜನ ಮುಖ ನೋಡಬೇಕು ಅಂತ."

"ಕಾಲು ಭಾಗ ಪರವಾಗಿಲ್ಲ. ಅವನ ಮುಖ ನೋಡೋ ಹಾಗೇ ಇತ್ತು."

ಶನಿವಾರ ಕೆಲಸ ಮುಗಿಯಿತು. ಹದಿಮೂರು ಜನ ಕುರ್ಚಿಯ ಸುತ್ತ ನಿಂತರು. ಭಾವ ಉಪ್ಪುಕಾಗದವನ್ನು ಅಚ್ಚುಕಟ್ಟಾಗಿ ಕತ್ತರಿಸಿ ನನ್ನ ಕೈಗಿಟ್ಟ. ಮೊಮ್ಮಗಳು ಕೈಕಟ್ಟಿ ನಿಂತಿದ್ದಳು. ಅವಳ ಉಳಿಗಳ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದನ್ನು ನಾನು ನೋಡಿದೆ.

ನಾನು ಭಾಷಣ ಬಲ್ಲವನಲ್ಲ. ನಮ್ಮಪ್ಪನ ಗುರುತಿದ್ದ ಕುರ್ಚಿ ಕಾಲನ್ನು ಒಬ್ಬೊಬ್ಬರ ಕೈಗೂ ದಾಟಿಸಿದೆ. ಪ್ರಾರ್ಥನೆ ಯಾವ ಕಾಲದಲ್ಲಿ, ಯಾವ ನೋವಿನಲ್ಲಿ ಬಂತು ಎಂದು ಹೇಳಿದೆ. ಆನೆಯ ಕಥೆ ಹೇಳಿದೆ, ಏನೂ ಮುಚ್ಚದೆ. "ಇದನ್ನ ವಿನಯ ಅಂತ ಶುರುಮಾಡಿದವನು ನಾನು. ನನ್ನಲ್ಲಿ ಇದ್ದದ್ದು ವಿನಯ ಅಲ್ಲ, ಕೈಲಾಗದ ಸಂಕಟ," ಎಂದೆ. "ನಮ್ಮ ಹಿರಿಯರನ್ನ ನಾನು ಹೀಗಳೆಯಲ್ಲ. ಉಸಿರು ಕಟ್ಟೋ ಕಡೆ ಅವರಿಗೆ ಸಿಕ್ಕ ಕಿಟಕಿ ಇದೊಂದೇ. ಅವರು ಬದುಕಿದ್ದರಿಂದಲೇ ನಾವಿದೀವಿ. ಆದರೆ ಈಗ ಬಾಗಿಲು ತೆಗೆದಿದೆಯಲ್ಲ."

ಪಾಲಿಷಿನ ಅಕ್ಕ ಕುರ್ಚಿ ಕಾಲನ್ನು ಹಿಡಿದುಕೊಂಡು, "ಸಾಧು ಅಣ್ಣ, ನಮ್ಮಪ್ಪನ ಗುರುತೂ ಎಲ್ಲಾದ್ರೂ ಇರಬಹುದಾ?" ಎಂದು ಮೊಮ್ಮಗಳ ಕಡೆ ನೋಡಿದಳು.

ಭಾವ ಮಾತ್ರ ಒಪ್ಪಲಿಲ್ಲ. ಅವನ ಮುಖ ಬಾಡಿತ್ತು. ಅವನದು ಮೊಂಡುತನವಲ್ಲ, ಭಯ ಎಂದು ನನಗೆ ಅರ್ಥವಾಯಿತು.

"ಎಲ್ಲ ಸರಿ ಭಾವ," ಎಂದ. "ನಾನು ನಲವತ್ತು ವರ್ಷ ಅಂಟು ಕಾಯಿಸಿದೀನಿ. ನನ್ನ ಹೆಸರಲ್ಲಿ ಒಂದು ಕುರ್ಚಿ ಇಲ್ಲ. ಹೆಸರಿಲ್ಲದೇ ಇರೋದೇ ದೊಡ್ಡದು ಅಂತ ನಂಬಿ ಬದುಕಿದೆ. ಈಗ ನೀವು ಅದನ್ನೂ ತೆಗೆದ್ರೆ ನಾನು ಯಾತರಲ್ಲಿ ಒಳ್ಳೆಯವನು?"

ಅದು ನನ್ನ ಪ್ರಶ್ನೆಯೂ ಆಗಿತ್ತು. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ.

ಮೊಮ್ಮಗಳೇ ಮುಂದೆ ಬಂದಳು. "ಚಿಕ್ಕಜ್ಜ, ನಾನು ಇನ್ನೂರು ಕುರ್ಚಿ ಬಿಚ್ಚಿದೀನಿ. ನೀನು ಕೂಡಿಸಿದ್ದು ಮಾತ್ರ ಬಿಚ್ಚೋಕೆ ಬರಲ್ಲ. ಎರಡು ಸಲ ಮರವೇ ಸೀಳಿತು, ಸಂದು ಬಿಡಲಿಲ್ಲ. ನಿನಗೆ ಎಷ್ಟು ಶಾಪ ಹಾಕಿದೀನಿ ಗೊತ್ತಾ?"

ಭಾವ ಬೇರೆ ಕಡೆ ನೋಡಿದ. "ಅದು ಅಂಟನ್ನ ಕುದಿಸಬಾರದು," ಎಂದ ಗೊಣಗುತ್ತ. "ಕುದಿ ಬರೋ ಮೊದಲೇ ಇಳಿಸಬೇಕು. ಯಾರಿಗೆ ಹೇಳಿದ್ರೂ ಕೇಳಲ್ಲ." ಆಮೇಲೆ ಮತ್ತೆ ಮೂರು ಮಾತು ಅಂಟಿನ ಬಗ್ಗೆಯೇ ಹೇಳಿದ. ಆ ಮೂರು ಮಾತು ಹೇಳುವಾಗ ಅವನು ಯಾರನ್ನೂ ಕೆಳಗಿಡಲಿಲ್ಲ, ಅಂಟನ್ನು ಮಾತ್ರ ಎತ್ತಿ ಹಿಡಿದ. ಉಪ್ಪುಕಾಗದವನ್ನು ನಾನು ಬೆಂಚಿನ ಮೇಲಿಟ್ಟೆ. ಹೆಸರು ಹಾಕುವವರು ಹಾಕಲಿ, ಬೇಡವಾದವರು ಬಿಡಲಿ, ಪ್ರಾರ್ಥನೆಯಲ್ಲಿ ಅವರಿವರ ಮೇಲಿನ ಏಳು ಸಾಲು ಇನ್ನು ಬೇಡ ಎಂದೆ. ಒಂಬತ್ತು ಕೈ ಎದ್ದವು. ಭಾವನದು ಏಳಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಅರ್ಧ ಎದ್ದಿತು.

ಸೋಮವಾರ ಪ್ರಾರ್ಥನೆ ಎರಡೇ ಸಾಲಿಗೆ ಮುಗಿದು ಎಲ್ಲರೂ ಮುಖ ಮುಖ ನೋಡಿಕೊಂಡರು. ಅಷ್ಟು ಬೇಗ ಕೆಲಸ ಶುರುಮಾಡಿ ಯಾರಿಗೂ ಅಭ್ಯಾಸವಿರಲಿಲ್ಲ. ಮೊಮ್ಮಗಳ ಉಳಿಗಳ ಚೀಲ ಬೆಂಚಿನ ಮೇಲೆ ಬಿಚ್ಚಿ ಹರಡಿತ್ತು.

ನಾನು ಬಹಳ ವರ್ಷದ ಮೇಲೆ ನನ್ನದೇ ಒಂದು ಕುರ್ಚಿ ಶುರುಮಾಡಿದೆ. ಹಿರಿಯನಾದ ಮೇಲೆ ಬರೀ ಮೇಲ್ವಿಚಾರಣೆ ಮಾಡಿಕೊಂಡಿದ್ದೆ. ಅದಕ್ಕೂ ಕಾರಣ ಈಗ ನನಗೆ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಮೊಮ್ಮಗಳು ಹತ್ತಿರ ಬಂದು ಒಂದು ಕಣ್ಣು ಮುಚ್ಚಿ ನೋಡಿದಳು.

"ಅಜ್ಜ, ಹಿಂಗಾಲು ಓರೆ."

ಎದೆಯಲ್ಲಿ ಆ ಹಳೆಯ ಹೊಟ್ಟೆಕಿಚ್ಚು ಕದಲಿತು. ಇವಳಿಗೆ ಎಷ್ಟು ಸೊಕ್ಕು ಎಂದಿತು. ನಾನು ಅದನ್ನು ಪೂರ್ತಿ ಮಾತಾಡಲು ಬಿಟ್ಟೆ. ಆಮೇಲೆ ನಾನೂ ಒಂದು ಕಣ್ಣು ಮುಚ್ಚಿ ನೋಡಿದೆ. ಓರೆಯಾಗಿಯೇ ಇತ್ತು.

"ಹೌದಲ್ಲ," ಎಂದೆ. "ಕಳಪೆಯಾಗಿದೆ. ಎಲ್ಲಿಂದ ಹೋಯ್ತು ತೋರಿಸು."

ಅವಳು ಪೆನ್ಸಿಲ್ ತೆಗೆದು ಮರದ ಮೇಲೆ ಗೆರೆ ಎಳೆದಳು.